ಓಡುವಾಗ, ಭಾರ ಎತ್ತುವಾಗ, ಕೆಮ್ಮಿದಾಗ ಬರುವ ತಲೆನೋವು: ಯಾವುದು ನಿರಪಾಯ, ಯಾವುದಕ್ಕೆ ಸ್ಕ್ಯಾನ್ ಬೇಕು?

ಜಿಮ್ಮಿನಲ್ಲಿ ಭಾರ ಎತ್ತುವಾಗಲೋ ಓಟದ ನಡುವೆಯೋ ಇದ್ದಕ್ಕಿದ್ದಂತೆ ತಲೆ ಸಿಡಿಯತೊಡಗಿದರೆ ಹೆಚ್ಚಿನವರು ಗಮನಿಸುವುದು ನೋವು ಎಷ್ಟು ಜೋರಾಗಿದೆ ಎಂಬುದನ್ನು. ವೈದ್ಯರಿಗೆ ಅದಕ್ಕಿಂತ ಹೆಚ್ಚು ಬೇಕಾದ ಮಾಹಿತಿ ಇನ್ನೊಂದಿದೆ: ನೋವು ಶುರುವಾದ ಕ್ಷಣದಿಂದ ತುತ್ತತುದಿಗೆ ಏರಲು ಎಷ್ಟು ಹೊತ್ತು ಹಿಡಿಯಿತು? ಕೆಲವು ಸೆಕೆಂಡೇ, ಕೆಲವು ನಿಮಿಷವೇ, ಅರ್ಧ ಗಂಟೆಯೇ? ನೋವಿನ ತೀವ್ರತೆ ಮೈಗ್ರೇನ್‌ನಲ್ಲೂ ವಿಪರೀತ ಇರಬಹುದು. ಆದರೆ ಮೆದುಳಿನ ಸುತ್ತ ರಕ್ತನಾಳ ಒಡೆದಾಗ ಬರುವ ನೋವಿನ ಗುರುತೇ ಅದರ ವೇಗ. ಮುಂದಿನ ಹೆಜ್ಜೆಗಳೆಲ್ಲ ಈ ಪ್ರಶ್ನೆಯಿಂದಲೇ ಶುರುವಾಗುತ್ತವೆ.

ಮೊದಲ ಹೆಜ್ಜೆ: ನಿಲ್ಲಿಸಿ, ಗಡಿಯಾರ ನೋಡಿ

ನೋವು ಬಂದ ಕೂಡಲೇ ಭಾರ ಕೆಳಗಿಡಿ, ಓಟ ನಿಲ್ಲಿಸಿ, ಗೋಡೆಗೆ ಒರಗಿ ಕುಳಿತುಕೊಳ್ಳಿ. ‘ಇನ್ನೊಂದು ಸೆಟ್ ಮುಗಿಸಿಬಿಡೋಣ’ ಎನ್ನಬೇಡಿ. ಕಾರಣ ರಕ್ತನಾಳದ್ದಾಗಿದ್ದರೆ ಮತ್ತೊಮ್ಮೆ ಏರುವ ರಕ್ತದೊತ್ತಡವೇ ಅಪಾಯವನ್ನು ಹೆಚ್ಚಿಸುತ್ತದೆ. ಎಷ್ಟು ಗಂಟೆಗೆ ಶುರುವಾಯಿತು ಎಂಬುದನ್ನು ಮೊಬೈಲಿನಲ್ಲಿ ಬರೆದಿಡಿ. ಈ ಸಮಯ ಆಸ್ಪತ್ರೆಯಲ್ಲಿ ಬಹಳ ಬೆಲೆಯುಳ್ಳದ್ದು, ಯಾಕೆಂಬುದನ್ನು ಮುಂದೆ ಹೇಳುತ್ತೇವೆ.

ನೋವು ಒಂದು ನಿಮಿಷದೊಳಗೆ ತುದಿ ಮುಟ್ಟಿ, ಐದು ನಿಮಿಷ ಕಳೆದರೂ ಇಳಿಯದಿದ್ದರೆ ಮನೆಗೆ ಹೋಗಿ ಮಲಗುವ ಮಾತೇ ಇಲ್ಲ. 108ಕ್ಕೆ ಕರೆ ಮಾಡಿ ಅಥವಾ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಯಾರಾದರೂ ಕರೆದೊಯ್ಯಲಿ. ನೀವೇ ಗಾಡಿ ಓಡಿಸಬೇಡಿ. ಪ್ರಜ್ಞೆ ತಪ್ಪಿದ್ದು, ಫಿಟ್ಸ್ ಬಂದದ್ದು, ಕೈಕಾಲು ಅಥವಾ ಮುಖದ ಒಂದು ಬದಿ ಸೋತದ್ದು, ಮಾತು ತೊದಲಿದ್ದು, ಒಂದೇ ವಸ್ತು ಎರಡಾಗಿ ಕಂಡದ್ದು, ಕತ್ತು ಬಗ್ಗಿಸಲು ಆಗದಷ್ಟು ಬಿಗಿಯಾದದ್ದು, ಇವುಗಳಲ್ಲಿ ಒಂದಿದ್ದರೂ ಇದೇ ದಾರಿ. ಆಗ ನೋವು ಎಷ್ಟು ಬೇಗ ಏರಿತು, ಎಷ್ಟು ಬೇಗ ಇಳಿಯಿತು ಎಂಬ ಲೆಕ್ಕ ಬೇಡ.

ತುರ್ತು ವಿಭಾಗದ ವೈದ್ಯರು ಬಳಸುವ ಒಂದು ನಿಯಮವನ್ನು ಇಲ್ಲಿ ತಿಳಿದಿರುವುದು ಒಳ್ಳೆಯದು. ಕೆನಡಾದ ಒಟ್ಟಾವದಲ್ಲಿ ರೂಪುಗೊಂಡ ಈ ನಿಯಮ, ಪೆಟ್ಟು ಬೀಳದೆ ಹೊಸದಾಗಿ ಬಂದ ಮತ್ತು ಒಂದು ಗಂಟೆಯೊಳಗೆ ತುದಿಗೇರಿದ ತೀವ್ರ ತಲೆನೋವಿಗೆ ಅನ್ವಯವಾಗುತ್ತದೆ. ವಯಸ್ಸು 40 ಅಥವಾ ಹೆಚ್ಚು, ಕತ್ತು ನೋವು ಅಥವಾ ಬಿಗಿತ, ಬೇರೆಯವರ ಕಣ್ಣೆದುರು ಪ್ರಜ್ಞೆ ತಪ್ಪಿದ್ದು, ಶ್ರಮದ ನಡುವೆ ಶುರುವಾದದ್ದು, ಸಿಡಿಲಿನಂತೆ ತಟ್ಟನೆ ಬಂದದ್ದು, ಪರೀಕ್ಷಿಸುವಾಗ ಕತ್ತು ಮುಂದಕ್ಕೆ ಬಾಗದಿರುವುದು: ಈ ಆರರಲ್ಲಿ ಒಂದಿದ್ದರೂ ಮೆದುಳಿನ ರಕ್ತಸ್ರಾವ ಇಲ್ಲವೆಂದು ಪರೀಕ್ಷೆ ಮಾಡದೆ ಹೇಳಲಾಗದು. ‘ಶ್ರಮದ ನಡುವೆ ಶುರುವಾದದ್ದು’ ಈ ಪಟ್ಟಿಯಲ್ಲೇ ಇದೆ ಎಂಬುದನ್ನು ಗಮನಿಸಿ. ಹಾಗಾಗಿ ಜೀವನದಲ್ಲಿ ಮೊದಲ ಬಾರಿ, ಭಾರ ಎತ್ತುವಾಗ ಅಥವಾ ಓಡುವಾಗ, ತೀವ್ರ ನೋವು ಬಂದು ಒಂದು ಗಂಟೆಯೊಳಗೆ ತುದಿಗೇರಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನೋವು ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾಯುವುದು ತಪ್ಪು.

ನೋವು ಸಾಧಾರಣವಾಗಿದ್ದು, ನಿಧಾನವಾಗಿ ಏರಿ, ವಿಶ್ರಾಂತಿಯಲ್ಲಿ ಇಳಿದು, ಮೇಲಿನ ಯಾವ ಲಕ್ಷಣವೂ ಇಲ್ಲದಿದ್ದರೆ ಓಡಬೇಕಾದ ತುರ್ತಿಲ್ಲ. ಆದರೂ ಮೊದಲ ಸಲದ್ದಾದರೆ ಆ ವಾರದಲ್ಲೇ ವೈದ್ಯರನ್ನು ಕಾಣಿ, ಅಲ್ಲಿಯವರೆಗೆ ಭಾರ ಎತ್ತುವುದನ್ನೂ ವೇಗದ ಓಟವನ್ನೂ ಬಿಡಿ. ಸಾಮಾನ್ಯ ನಡಿಗೆಗೆ ಅಡ್ಡಿಯಿಲ್ಲ.

ಆಸ್ಪತ್ರೆಯಲ್ಲಿ ಏನು ಹೇಳಬೇಕು

‘ತಲೆನೋವು ಡಾಕ್ಟ್ರೇ’ ಎಂದಷ್ಟೇ ಹೇಳಿದರೆ ಜನಜಂಗುಳಿಯ ತುರ್ತು ವಿಭಾಗದಲ್ಲಿ ಒಂದು ಇಂಜೆಕ್ಷನ್ ಸಿಕ್ಕಿ ಮನೆಗೆ ಕಳುಹಿಸುವ ಸಾಧ್ಯತೆ ಇದೆ. ಹೀಗೆ ಹೇಳಿ: ‘ಸಂಜೆ 6:40ಕ್ಕೆ ಭಾರ ಎತ್ತುವಾಗ ಶುರುವಾಯಿತು. ಮೂರು ನಿಮಿಷದಲ್ಲಿ ತುದಿಗೇರಿತು. ಇಂಥ ನೋವು ಹಿಂದೆಂದೂ ಬಂದಿರಲಿಲ್ಲ.’ ಈ ಮೂರು ವಾಕ್ಯ ಕೇಳಿದ ವೈದ್ಯರು ನಿಮ್ಮನ್ನು ಬೇರೆ ಸಾಲಿನಲ್ಲಿ ನಿಲ್ಲಿಸುತ್ತಾರೆ.

ಗಂಟೆ ಯಾಕೆ ಮುಖ್ಯ? ನೋವು ಶುರುವಾಗಿ 6 ಗಂಟೆಯೊಳಗೆ, ಆಧುನಿಕ ಯಂತ್ರದಲ್ಲಿ ತೆಗೆದು, ಅನುಭವಿ ರೇಡಿಯಾಲಜಿಸ್ಟ್ ಓದಿದ ಸಾದಾ ಸಿಟಿ ಸ್ಕ್ಯಾನ್ ಮೆದುಳಿನ ಹೊದಿಕೆಯಡಿಯ ರಕ್ತಸ್ರಾವವನ್ನು ಬಹುಮಟ್ಟಿಗೆ ತಪ್ಪದೆ ಹಿಡಿಯುತ್ತದೆ. ಸೋರಿದ ರಕ್ತ ಬೆನ್ನುಹುರಿಯ ದ್ರವದಲ್ಲಿ ಬೆರೆತು ತೆಳುವಾಗುತ್ತ ಹೋದಂತೆ ಅದೇ ಸ್ಕ್ಯಾನಿನ ಬಲ ಕುಗ್ಗುತ್ತದೆ. ಎರಡು ದಿನ ಕಳೆದು ಹೋದವರಿಗೆ ‘ಸಿಟಿ ನಾರ್ಮಲ್’ ಎಂಬ ರಿಪೋರ್ಟ್ ಸಾಲದು. ಆಗ ಸೊಂಟದಿಂದ ಬೆನ್ನುಹುರಿಯ ದ್ರವ ತೆಗೆದು ನೋಡಬೇಕಾಗುತ್ತದೆ, ಅಥವಾ ಬಣ್ಣದ ಔಷಧ ಕೊಟ್ಟು ರಕ್ತನಾಳಗಳ ಸಿಟಿ ಆಂಜಿಯೋಗ್ರಾಂ ಮಾಡಬೇಕಾಗುತ್ತದೆ. ದ್ರವದಲ್ಲಿ ರಕ್ತದ ಹಳದಿ ಛಾಯೆ ಸ್ಪಷ್ಟವಾಗಲು ಸುಮಾರು 12 ಗಂಟೆ ಬೇಕಾಗುವುದರಿಂದ ವೈದ್ಯರು ಕೆಲವೊಮ್ಮೆ ಬೇಕೆಂದೇ ಕಾಯುತ್ತಾರೆ. ಅದನ್ನು ನಿರ್ಲಕ್ಷ್ಯ ಎಂದುಕೊಂಡು ಎದ್ದು ಬರಬೇಡಿ.

ರಕ್ತಸ್ರಾವ ಇಲ್ಲವೆಂದು ಖಚಿತವಾಗುವ ತನಕ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫಿನಾಕ್‌ಗಳ ತಂಟೆಗೆ ಹೋಗಬೇಡಿ. ರಕ್ತ ಹೆಪ್ಪುಗಟ್ಟುವುದನ್ನು ಅವು ತಡೆಯಬಲ್ಲವು. ನೋವು ಸಹಿಸಲಾಗದಿದ್ದರೆ ಪ್ಯಾರಸಿಟಮಾಲ್ 500 ಅಥವಾ 650 ಮಿ.ಗ್ರಾಂ. ಸಾಕು. ಆದರೆ ಅದರಿಂದ ನೋವು ಇಳಿಯಿತೆಂದು ಆಸ್ಪತ್ರೆ ತಪ್ಪಿಸಬಾರದು. ರಕ್ತಸ್ರಾವದ ನೋವೂ ಮಾತ್ರೆಗೆ ತಾತ್ಕಾಲಿಕವಾಗಿ ತಗ್ಗಬಹುದು.

ನಿರಪಾಯ ನೋವು ಹೇಗಿರುತ್ತದೆ

ಅಂತರರಾಷ್ಟ್ರೀಯ ತಲೆನೋವು ವರ್ಗೀಕರಣದಲ್ಲಿ ಇದಕ್ಕೆ ಎರಡು ಬೇರೆ ಬೇರೆ ಕೋಣೆಗಳಿವೆ. ಎರಡನ್ನೂ ಒಂದೇ ಎಂದು ಭಾವಿಸಿದರೆ ಲೆಕ್ಕ ತಪ್ಪುತ್ತದೆ.

ಮೊದಲನೆಯದು ವ್ಯಾಯಾಮದ ತಲೆನೋವು. ಓಟ, ಈಜು, ಸೈಕಲ್, ರೋಯಿಂಗ್, ಭಾರ ಎತ್ತುವಿಕೆಯಂಥ ಜೋರು ಶ್ರಮ ಮಾಡುವಾಗ ಅಥವಾ ಮುಗಿದ ಮೇಲೆ ಮಾತ್ರ ಬರುತ್ತದೆ. ಹೆಚ್ಚಿನವರಲ್ಲಿ ಅದು ನಾಡಿ ಬಡಿತದ ಜೊತೆ ಮಿಡಿಯುವ ನೋವು. 48 ಗಂಟೆಯೊಳಗೆ ಇಳಿಯಬೇಕು, ಅನೇಕರಲ್ಲಿ ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ. ಬಿಸಿಲು ಮತ್ತು ಎತ್ತರದ ಜಾಗ ಇದನ್ನು ಕೆರಳಿಸುತ್ತವೆ. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿ ಕಡೆ ಬೆಳಿಗ್ಗೆ 9ರ ನಂತರ ಓಡುವವರಿಗೂ, ಲಡಾಖ್‌ಗೆ ಚಾರಣ ಹೋದವರಿಗೂ ಇದು ಹೆಚ್ಚು ಕಾಡುವುದು ಆ ಕಾರಣಕ್ಕೆ. ಎತ್ತರದಲ್ಲಿ ತಲೆನೋವಿನ ಜೊತೆ ವಾಂತಿ, ತೂರಾಟ, ಗೊಂದಲ ಕಂಡರೆ ಅದು ವ್ಯಾಯಾಮದ ತಲೆನೋವಲ್ಲ, ಎತ್ತರದ ಕಾಯಿಲೆ. ತಕ್ಷಣ ಕೆಳಗಿಳಿಯಬೇಕು.

ಎರಡನೆಯದು ಕೆಮ್ಮಿನ ತಲೆನೋವು. ಕೆಮ್ಮಿದಾಗ, ಸೀನಿದಾಗ, ಮಲವಿಸರ್ಜನೆಗೆ ಮುಕ್ಕಿದಾಗ ಥಟ್ಟನೆ ಬರುತ್ತದೆ, ತಕ್ಷಣವೇ ತುದಿಗೇರುತ್ತದೆ. ಆಮೇಲೆ ಇಳಿಯುತ್ತ ಹೋಗುತ್ತದೆ: ಕೆಲವರಲ್ಲಿ ಸೆಕೆಂಡುಗಳಲ್ಲಿ, ಕೆಲವರಲ್ಲಿ ನಿಮಿಷಗಳಲ್ಲಿ, ಹೆಚ್ಚೆಂದರೆ ಎರಡು ಗಂಟೆಯಲ್ಲಿ. ಸಾಮಾನ್ಯವಾಗಿ ತಲೆಯ ಎರಡೂ ಬದಿ ನೋಯುತ್ತದೆ, ನಡುವಿನ ಹೊತ್ತಿನಲ್ಲಿ ನೋವಿಲ್ಲ. ಇದು ಹೆಚ್ಚಾಗಿ 40 ದಾಟಿದವರಲ್ಲಿ ಕಾಣುತ್ತದೆ.

ಎರಡರಲ್ಲೂ ಒಂದೇ ಒಂದು ಘಟನೆಯ ಮೇಲೆ ‘ನಿರಪಾಯ’ ಎಂಬ ಹಣೆಪಟ್ಟಿ ಹಚ್ಚುವಂತಿಲ್ಲ. ಕನಿಷ್ಠ ಎರಡು ಸಲ ಇದೇ ರೀತಿ ಬಂದಿರಬೇಕು, ಮತ್ತು ಬೇರೆ ಕಾರಣವಿಲ್ಲವೆಂದು ಪರೀಕ್ಷೆಯಲ್ಲಿ ಗೊತ್ತಾಗಿರಬೇಕು. ನಿರಪಾಯ ಎಂಬುದು ಕೊನೆಗೆ ಉಳಿಯುವ ತೀರ್ಮಾನ, ಮೊದಲು ಹೇಳುವ ಮಾತಲ್ಲ.

ನೋವು ಯಾಕೆ ಬರುತ್ತದೆ? ಉಸಿರು ಬಿಗಿಹಿಡಿದು ಮುಕ್ಕಿದಾಗ ಎದೆ ಮತ್ತು ಹೊಟ್ಟೆಯೊಳಗಿನ ಒತ್ತಡ ಏರಿ, ತಲೆಯಿಂದ ಹೃದಯಕ್ಕೆ ಮರಳಬೇಕಾದ ಅಭಿಧಮನಿಯ ರಕ್ತ ತಡೆಯಾಗುತ್ತದೆ. ತಲೆಬುರುಡೆ ಹಿಗ್ಗದ ಡಬ್ಬಿಯಾದ್ದರಿಂದ ಒಳಗಿನ ಒತ್ತಡ ಕ್ಷಣಕಾಲ ಏರುತ್ತದೆ. ಅದೇ ಹೊತ್ತಿಗೆ ಧಮನಿಯ ಒತ್ತಡವೂ ಜಿಗಿಯುತ್ತದೆ. ಬಲವಾದ ಲೆಗ್ ಪ್ರೆಸ್ ಮಾಡುವಾಗ ಸಂಕೋಚನದ ರಕ್ತದೊತ್ತಡ 300 ದಾಟಿದ್ದನ್ನು ಧಮನಿಯೊಳಗೆ ನಳಿಕೆ ಇಟ್ಟು ಅಳೆದಿದ್ದಾರೆ. ಆರೋಗ್ಯವಂತ ರಕ್ತನಾಳ ಇದನ್ನು ತಾಳಿಕೊಳ್ಳುತ್ತದೆ. ರಕ್ತನಾಳದ ಗೋಡೆ ದುರ್ಬಲವಾಗಿ ಬಲೂನಿನಂತೆ ಹಿಗ್ಗಿದ ಜಾಗ, ಅಂದರೆ ಉಬ್ಬು, ತಾಳದಿರಬಹುದು. ಓಟದ ತಲೆನೋವಿನಲ್ಲಿ ಇಷ್ಟು ದೊಡ್ಡ ಜಿಗಿತ ಇಲ್ಲ. ಅಲ್ಲಿ ಹಿಗ್ಗುವ ರಕ್ತನಾಳಗಳು ಮತ್ತು ಅಭಿಧಮನಿಗಳ ಪಾತ್ರವಿದೆ ಎಂಬ ವಿವರಣೆಗಳಿವೆ.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ

ವಿಷಯ ಸ್ಪಷ್ಟವಾಗಲೆಂದು ಕಟ್ಟಿಕೊಂಡ ಉದಾಹರಣೆ ಇದು. ವಯಸ್ಸು 34, ಹಿಂದೆ ಮೈಗ್ರೇನ್ ಇಲ್ಲ, ಬಿ.ಪಿ. ಇಲ್ಲ. ಎರಡು ತಿಂಗಳಿಂದ ಜಿಮ್ಮಿಗೆ ಹೋಗುತ್ತಿದ್ದಾರೆ. ಒಂದು ಸಂಜೆ 80 ಕಿಲೋ ಡೆಡ್‌ಲಿಫ್ಟ್‌ನ ಐದನೇ ಎತ್ತುವಿಕೆಯಲ್ಲಿ ತಲೆಯ ಹಿಂಭಾಗದಲ್ಲಿ ಎರಡೂ ಬದಿ ಮಿಡಿಯುವ ನೋವು ಶುರುವಾಗಿ ಮೂರು ನಿಮಿಷದಲ್ಲಿ ತುದಿಗೇರಿತು, ಹತ್ತಕ್ಕೆ ಎಂಟರಷ್ಟು. ವಾಂತಿಯಿಲ್ಲ, ಕತ್ತು ಬಾಗುತ್ತದೆ, ದೃಷ್ಟಿ ಸರಿಯಿದೆ. ನಲವತ್ತು ನಿಮಿಷಕ್ಕೆ ನೋವು ಅರ್ಧಕ್ಕಿಳಿಯಿತು.

ಇಳಿಯುತ್ತಿದೆಯಲ್ಲ, ಬಿಡಿ ಎನ್ನಬಹುದೇ? ಬೇಡ. ನೋವು ಹೊಸತು, ತೀವ್ರ, ಒಂದು ಗಂಟೆಯೊಳಗೆ ತುದಿಗೇರಿದೆ, ಶ್ರಮದ ನಡುವೆ ಶುರುವಾಗಿದೆ. ಒಟ್ಟಾವದ ನಿಯಮದ ಪ್ರಕಾರ ಪರೀಕ್ಷೆ ಬೇಕು. ಎರಡು ಗಂಟೆಯೊಳಗೆ ಆಸ್ಪತ್ರೆ ಸೇರಿದರು, ನಾಲ್ಕನೇ ಗಂಟೆಯಲ್ಲಿ ಸಿಟಿ ಆಯಿತು, ರಕ್ತವಿಲ್ಲ. ವೈದ್ಯರು ಎರಡೂ ತೋಳುಗಳಲ್ಲಿ ಬಿ.ಪಿ. ನೋಡಿದರು, ಕಣ್ಣಿನ ಪಾಪೆ ಮತ್ತು ರೆಪ್ಪೆ ಗಮನಿಸಿದರು, ಕಣ್ಣಿನ ಹಿಂಪದರದಲ್ಲಿ ನರ ಊದಿಕೊಂಡಿದೆಯೇ ಎಂದು ನೋಡಿದರು, ಗೆರೆಯ ಮೇಲೆ ನಡೆಸಿದರು. ಎಲ್ಲ ಸರಿಯಿತ್ತು.

ಇಲ್ಲಿಗೆ ಮುಗಿಯಿತೇ? ರಕ್ತಸ್ರಾವ ಇಲ್ಲ ಎಂಬಷ್ಟು ಮಾತ್ರ ಗೊತ್ತಾಯಿತು. ಕತ್ತಿನ ಧಮನಿಯ ಒಳಪದರ ಹರಿದಿದ್ದರೆ, ಮೆದುಳಿನ ಧಮನಿಗಳು ಅಲ್ಲಲ್ಲಿ ಸೆಟೆದು ಕಿರಿದಾಗಿದ್ದರೆ, ಒಡೆಯದ ಉಬ್ಬೊಂದಿದ್ದರೆ ಸಾದಾ ಸಿಟಿ ಅದನ್ನು ತೋರಿಸದಿರಬಹುದು. ಹಾಗಾಗಿ ನರರೋಗ ತಜ್ಞರು ಮೆದುಳಿನ ಎಂ.ಆರ್.ಐ. ಜೊತೆಗೆ ತಲೆ ಮತ್ತು ಕತ್ತು ಎರಡರ ರಕ್ತನಾಳಗಳ ಎಂ.ಆರ್. ಆಂಜಿಯೋಗ್ರಾಂ ಬರೆದರು. ಇಲ್ಲಿ ನಾವು ಮತ್ತೆ ಮತ್ತೆ ಕಾಣುವ ಎಡವಟ್ಟು ಒಂದಿದೆ: ಖರ್ಚು ಉಳಿಸಲು ಅಥವಾ ಕೇಂದ್ರದವರ ಮಾತು ಕೇಳಿ ‘ಎಂ.ಆರ್.ಐ. ಬ್ರೈನ್’ ಮಾತ್ರ ಮಾಡಿಸಿಕೊಂಡು ಬರುವುದು. ವ್ಯಾಯಾಮದ ತಲೆನೋವಿಗೆ ರಕ್ತನಾಳದ ಚಿತ್ರವೇ ಮುಖ್ಯ ಪರೀಕ್ಷೆ. ಚೀಟಿಯಲ್ಲಿ ಆಂಜಿಯೋ ಇದೆಯೇ, ಕತ್ತೂ ಸೇರಿದೆಯೇ ಎಂದು ಸ್ಕ್ಯಾನ್ ಟೇಬಲ್ ಹತ್ತುವ ಮೊದಲೇ ಕೇಳಿ.

ಇವರ ಎರಡೂ ಸ್ಕ್ಯಾನ್ ಸರಿಯಾಗಿದ್ದವು. ಹತ್ತು ದಿನದ ನಂತರ ಕಡಿಮೆ ಭಾರದಲ್ಲಿ ಇದೇ ರೀತಿಯ ನೋವು ಸಣ್ಣದಾಗಿ ಮತ್ತೊಮ್ಮೆ ಬಂದು ಅರ್ಧ ಗಂಟೆಯಲ್ಲಿ ಹೋಯಿತು. ಈಗ ಇದನ್ನು ನಿರಪಾಯ ವ್ಯಾಯಾಮದ ತಲೆನೋವು ಎಂದು ಧೈರ್ಯವಾಗಿ ಕರೆಯಬಹುದು.

ಇದೇ ಕತೆಯಲ್ಲಿ ಒಂದೊಂದು ವಿವರ ಬದಲಿಸಿ ನೋಡಿ, ತೀರ್ಮಾನ ಹೇಗೆ ತಿರುಗುತ್ತದೆ ಎಂಬುದು ಅರ್ಥವಾಗುತ್ತದೆ. ನೋವು ಬಲಗತ್ತಿನಲ್ಲಿ ಶುರುವಾಗಿ ಬಲಗಣ್ಣಿನ ಹಿಂದೆ ಹಬ್ಬಿ, ಬಲಗಣ್ಣಿನ ರೆಪ್ಪೆ ತುಸು ಇಳಿದು ಪಾಪೆ ಚಿಕ್ಕದಾಗಿದ್ದರೆ ಅದು ಕತ್ತಿನ ಧಮನಿ ಹರಿದ ಸೂಚನೆ. ಅಂದೇ ಆಂಜಿಯೋಗ್ರಾಂ ಬೇಕು, ಯಾಕೆಂದರೆ ಹರಿದ ಜಾಗದಲ್ಲಿ ಹೆಪ್ಪುಗಟ್ಟಿದ ರಕ್ತ ಮೇಲೆ ಹೋಗಿ ಪಾರ್ಶ್ವವಾಯು ತರಬಲ್ಲದು.

ನೋವು ಸೆಕೆಂಡುಗಳಲ್ಲಿ ತುದಿಗೇರಿ, ಮುಂದಿನ ಒಂದೆರಡು ವಾರ ಶೌಚದಲ್ಲಿ ಮುಕ್ಕಿದಾಗಲೂ ಲೈಂಗಿಕ ಕ್ರಿಯೆಯಲ್ಲೂ ಅದೇ ಸಿಡಿಲು ಮರುಕಳಿಸುತ್ತಿದ್ದರೆ, ಅದು ಮೆದುಳಿನ ಧಮನಿಗಳು ತಾತ್ಕಾಲಿಕವಾಗಿ ಸೆಟೆದುಕೊಳ್ಳುವ ಕಾಯಿಲೆಯಾಗಿರಬಹುದು. ಇದರಲ್ಲಿ ಮೊದಲ ವಾರದ ಆಂಜಿಯೋಗ್ರಾಂ ಸರಿಯಾಗಿಯೇ ಕಾಣಬಹುದು. ಸಿಡಿಲು ನೋವು ಮರುಕಳಿಸುತ್ತಿದ್ದರೆ ಮತ್ತೆ ತೆಗೆಸಬೇಕಾಗುತ್ತದೆ. ನೆಗಡಿ ಮಾತ್ರೆಗಳಲ್ಲಿರುವ ಫಿನೈಲೆಫ್ರಿನ್ ಮತ್ತು ಸ್ಯೂಡೊಎಫಿಡ್ರಿನ್, ಮೈಗ್ರೇನ್‌ನ ಟ್ರಿಪ್ಟಾನ್ ಮಾತ್ರೆಗಳು, ಖಿನ್ನತೆಯ ಕೆಲವು ಔಷಧಿಗಳು, ಗಾಂಜಾ ಇದನ್ನು ಕೆರಳಿಸಬಲ್ಲವು. ಹಾಗಾಗಿ ನೆಗಡಿಯ ಗುಳಿಗೆಯ ಹೆಸರನ್ನೂ ಬಿಡದೆ ಹೇಳಿ, ಜಿಮ್ಮಿನ ಪ್ರಿವರ್ಕೌಟ್ ಪುಡಿಯ ಡಬ್ಬವನ್ನೂ ತೋರಿಸಿ. ಆದರೆ ಖಿನ್ನತೆಯ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಇನ್ನು ಈ ಉದಾಹರಣೆಯ ವ್ಯಕ್ತಿ ಹೆರಿಗೆಯಾಗಿ ಮೂರು ವಾರವಾದ ಬಾಣಂತಿ ಎಂದುಕೊಳ್ಳಿ, ಅಥವಾ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿರುವವರು. ಆಗ ಮೆದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಸೇರಿಕೊಳ್ಳುತ್ತದೆ. ಮಲಗಿದಾಗ, ಕೆಮ್ಮಿದಾಗ ಹೆಚ್ಚಾಗಿ ದಿನದಿಂದ ದಿನಕ್ಕೆ ಏರುವ ನೋವು ಇದರ ಲಕ್ಷಣ. ಇದಕ್ಕೆ ಧಮನಿಯ ಚಿತ್ರ ಸಾಲದು, ಅಭಿಧಮನಿಗಳ ಚಿತ್ರ, ಅಂದರೆ ಎಂ.ಆರ್. ವೀನೋಗ್ರಾಂ ಬೇಕು. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ಇನ್ನೂ ಇರುವ ಮನೆಗಳಲ್ಲಿ ಇದನ್ನು ವಿಶೇಷವಾಗಿ ನೆನಪಿಡಬೇಕು. ದೇಹ ಒಣಗುವುದು ರಕ್ತ ಹೆಪ್ಪುಗಟ್ಟಲು ದಾರಿ ಮಾಡಿಕೊಡುತ್ತದೆ.

ಕೆಮ್ಮಿನ ತಲೆನೋವಿಗೆ ಬೇರೆಯದೇ ದಾರಿ

ಕೆಮ್ಮಿನ ತಲೆನೋವು ಇರುವವರಲ್ಲಿ ಸುಮಾರು 40 ಶೇಕಡಾ ಜನರಿಗೆ ಒಳಗೊಂದು ಕಾರಣ ಸಿಗುತ್ತದೆ. ಅಂಥವರಲ್ಲಿ ಹೆಚ್ಚಿನವರಿಗೆ ಇರುವುದು ಕಿಯಾರಿ ಒಂದನೇ ವಿಧದ ರಚನಾದೋಷ. ಕಿರುಮೆದುಳಿನ ಕೆಳತುದಿಗಳು ತಲೆಬುರುಡೆಯ ತಳದ ದೊಡ್ಡ ರಂಧ್ರದಿಂದ ಕತ್ತಿನ ಕಡೆಗೆ ಇಳಿದಿರುತ್ತವೆ. ಕೆಮ್ಮಿದಾಗ ಮೆದುಳಿನ ದ್ರವ ಕೆಳಗೆ ಹರಿದು ಒತ್ತಡ ಹಂಚಿಕೊಳ್ಳಬೇಕು. ಅಲ್ಲಿ ಬೆಣೆಯಂತೆ ಸಿಕ್ಕಿಕೊಂಡ ಕಿರುಮೆದುಳು ದ್ರವವನ್ನು ತಡೆಯುವುದರಿಂದ ತಲೆಯ ಹಿಂಭಾಗ ಮತ್ತು ಕತ್ತು ಸಿಡಿಯುತ್ತವೆ. ಕೆಮ್ಮು ನಿಂತು ಒತ್ತಡ ಸಮವಾದ ಮೇಲೆ ನೋವು ಹೋಗುತ್ತದೆ.

ಆದ್ದರಿಂದ ಕೆಮ್ಮಿನ ತಲೆನೋವು ಹೊಸದಾಗಿ ಶುರುವಾದ ಎಲ್ಲರಿಗೂ, ನೋವು ಎಷ್ಟೇ ಚಿಕ್ಕದಿರಲಿ, ಒಮ್ಮೆ ಎಂ.ಆರ್.ಐ. ಬೇಕು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಸಿಟಿ ಸಾಲದು. ತಲೆಯ ಹಿಂಭಾಗದ ಕೆಳಮೂಲೆಯಲ್ಲಿ ದಪ್ಪ ಎಲುಬುಗಳ ನಡುವೆ ಸಿಟಿಯ ಚಿತ್ರ ಮಸುಕಾಗುತ್ತದೆ, ನೋಡಬೇಕಾದ್ದು ಆ ಮೂಲೆಯನ್ನೇ. ತಲೆಯನ್ನು ಪಕ್ಕದಿಂದ ಸೀಳಿ ನೋಡಿದಂತೆ ಕಾಣುವ ಚಿತ್ರಗಳು, ಕತ್ತಿನ ಮೇಲ್ಭಾಗದವರೆಗೂ ಬರಬೇಕು. ಗೆಡ್ಡೆ ಅಥವಾ ದ್ರವ ಸೋರಿಕೆಯ ಅನುಮಾನಕ್ಕೆ ಗ್ಯಾಡೊಲಿನಿಯಂ ಬಣ್ಣವನ್ನೂ ಕೊಡುತ್ತಾರೆ. ಮೂತ್ರಪಿಂಡದ ಕಾಯಿಲೆ ಇದ್ದರೆ, ಗರ್ಭಿಣಿಯಾಗಿದ್ದರೆ, ದೇಹದಲ್ಲಿ ಪೇಸ್‌ಮೇಕರ್ ಅಥವಾ ಲೋಹದ ಕ್ಲಿಪ್ ಇದ್ದರೆ ಮೊದಲೇ ತಿಳಿಸಿ.

ರಿಪೋರ್ಟ್ ಓದುವಾಗ ‘ಸೆರೆಬೆಲ್ಲರ್ ಟಾನ್ಸಿಲ್’ ಎಂಬ ಪದ ಸಿಕ್ಕರೆ ಗಂಟಲಿನ ಟಾನ್ಸಿಲ್ ಎಂದುಕೊಳ್ಳಬೇಡಿ, ಅದು ಕಿರುಮೆದುಳಿನ ಕೆಳತುದಿ. ರಂಧ್ರದ ಅಂಚಿನಿಂದ ಅದು 5 ಮಿ.ಮೀ. ಅಥವಾ ಹೆಚ್ಚು ಕೆಳಗಿದ್ದರೆ ಕಿಯಾರಿ ಎನ್ನುತ್ತಾರೆ. ಆದರೆ ಬರಿಯ ಮಿಲಿಮೀಟರ್ ನೋಡಿ ಗಾಬರಿಯಾಗುವ ಅಗತ್ಯವಿಲ್ಲ. ಇಷ್ಟು ಇಳಿದಿದ್ದರೂ ಯಾವ ತೊಂದರೆಯೂ ಇಲ್ಲದೆ ಬದುಕುವವರಿದ್ದಾರೆ. ಕೆಮ್ಮಿದಾಗ ನೋವು, ಅದೂ ತಲೆಯ ಹಿಂಭಾಗದಲ್ಲಿ, ಅಥವಾ ಕೈಗಳಲ್ಲಿ ಬಿಸಿ-ತಣ್ಣಗೆ ತಿಳಿಯದಿರುವುದು, ನುಂಗಲು ತೊಂದರೆ, ತೂರಾಟ ಇದ್ದರೆ ಮಾತ್ರ ನರಶಸ್ತ್ರ ತಜ್ಞರ ಬಳಿ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಅಲ್ಲಿ ರಂಧ್ರದ ಸುತ್ತಲಿನ ಎಲುಬನ್ನು ಸ್ವಲ್ಪ ಕೆತ್ತಿ ಜಾಗ ಮಾಡಿಕೊಡುತ್ತಾರೆ.

ಇನ್ನೊಂದು ಸರಳ ಸಂಗತಿಯನ್ನು ಅನೇಕರು ಮರೆಯುತ್ತಾರೆ. ಬಿ.ಪಿ.ಗೆಂದು ರಾಮಿಪ್ರಿಲ್ ಅಥವಾ ಎನಾಲಾಪ್ರಿಲ್ ತೆಗೆದುಕೊಳ್ಳುವ ಕೆಲವರಲ್ಲಿ ಅದೇ ಮಾತ್ರೆ ಒಣ ಕೆಮ್ಮು ತರುತ್ತದೆ. ಕೆಮ್ಮು ತಲೆನೋವನ್ನು ಕೆರಳಿಸುತ್ತದೆ. ವೈದ್ಯರು ಮಾತ್ರೆ ಬದಲಿಸಿದರೆ ಕೆಮ್ಮು ನಿಧಾನಕ್ಕೆ ನಿಲ್ಲುತ್ತದೆ, ಕೆಲವು ವಾರ ಹಿಡಿಯಬಹುದು. ಮಲಬದ್ಧತೆಗೂ ಚಿಕಿತ್ಸೆ ಬೇಕು. ಮುಕ್ಕುವುದು ತಪ್ಪಿದರೆ ಅರ್ಧ ನೋವು ತಪ್ಪಿದಂತೆಯೇ.

ತಲೆಯ ಸ್ಕ್ಯಾನ್ ಬೇಡದ, ಆದರೆ ಬಿಡಬಾರದ ಎರಡು ಕಾರಣಗಳು

50 ದಾಟಿದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ, ಬಿ.ಪಿ., ಧೂಮಪಾನ ಇರುವವರಿಗೆ, ದಿಬ್ಬ ಹತ್ತಿದಾಗ ಅಥವಾ ಮೆಟ್ಟಿಲೇರಿದಾಗ ಪ್ರತಿ ಸಲ ಅದೇ ಹಂತದಲ್ಲಿ ತಲೆನೋವು ಬಂದು, ನಿಂತ ಕೆಲವೇ ನಿಮಿಷದಲ್ಲಿ ಹೋದರೆ ಹೃದಯವನ್ನು ಪರೀಕ್ಷಿಸಬೇಕು. ಹೃದಯಕ್ಕೆ ರಕ್ತ ಸಾಲದಾದಾಗ ಎದೆನೋವಿನ ಬದಲು ತಲೆನೋವು ಕಾಣುವುದುಂಟು. ಇಂಥವರಿಗೆ ಇ.ಸಿ.ಜಿ. ಮೊದಲು, ನಂತರ ಹೃದ್ರೋಗ ತಜ್ಞರ ನಿಗಾದಲ್ಲಿ ಟ್ರೆಡ್‌ಮಿಲ್ ಪರೀಕ್ಷೆ. ಇದನ್ನು ಮೈಗ್ರೇನ್ ಎಂದು ಭಾವಿಸಿ ಟ್ರಿಪ್ಟಾನ್ ಮಾತ್ರೆ ಕೊಟ್ಟರೆ ಹೃದಯದ ಧಮನಿ ಇನ್ನಷ್ಟು ಕಿರಿದಾಗಬಹುದು.

ತಲೆನೋವಿನ ಜೊತೆ ಎದೆ ಢವಢವ, ಧಾರಾಕಾರ ಬೆವರು, ಮುಖ ಬಿಳಚಿಕೊಳ್ಳುವುದು, ಬಿ.ಪಿ. ವಿಪರೀತ ಏರುವುದು ಇವಿಷ್ಟೂ ಒಟ್ಟಿಗೆ ಬಂದು ಒಂದು ಗಂಟೆಯೊಳಗೆ ಇಳಿಯುತ್ತಿದ್ದರೆ ಅಡ್ರಿನಲ್ ಗ್ರಂಥಿಯ ಗೆಡ್ಡೆಯ ಅನುಮಾನ ಪಡಬೇಕು. ಅಪರೂಪ, ಆದರೆ ಮೂತ್ರ ಅಥವಾ ರಕ್ತದ ಪರೀಕ್ಷೆಯಲ್ಲಿ ಪತ್ತೆಯಾಗುತ್ತದೆ.

ಸ್ಕ್ಯಾನ್ ಸರಿಯಿದೆ, ಮುಂದೇನು?

ಪ್ರತಿ ಸಲ ನೋವು ಬಂದಾಗ ಹೊಸ ಸ್ಕ್ಯಾನ್ ಬೇಕಿಲ್ಲ. ಅನಗತ್ಯ ಸ್ಕ್ಯಾನಿಗೂ ಒಂದು ಬೆಲೆಯಿದೆ. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಮೆದುಳಿನ ರಕ್ತನಾಳದಲ್ಲಿ ಒಡೆಯದ ಸಣ್ಣ ಉಬ್ಬು ಇರುತ್ತದೆ, ಅದರಲ್ಲಿ ಹೆಚ್ಚಿನವು ಎಂದೂ ಒಡೆಯುವುದಿಲ್ಲ. ಅಂಥದ್ದು ಕಂಡುಬಂದರೆ ವರ್ಷಗಟ್ಟಲೆ ಆತಂಕ ಮತ್ತು ಮರುಪರೀಕ್ಷೆ ಬೆನ್ನುಹತ್ತುತ್ತವೆ. ಅದೇ ರೀತಿಯ, ಅದೇ ಜಾಗದ, ಅಷ್ಟೇ ಹೊತ್ತಿನ ನೋವಾದರೆ ಹಳೆಯ ಚಿತ್ರಗಳೇ ಸಾಕು.

ವ್ಯಾಯಾಮಕ್ಕೆ ಮರಳುವಾಗ ನೋವು ಪೂರ್ತಿ ಹೋಗಿ ಕೆಲವು ದಿನ ಕಳೆದಿರಲಿ. ಮೇಲಿನ ಉದಾಹರಣೆಯವರಿಗೆ 80 ಕಿಲೋದಲ್ಲಿ ನೋವು ಬಂದಿತ್ತು, ಅವರು 40 ಕಿಲೋದಿಂದ ಶುರು ಮಾಡುವುದು ಕ್ಷೇಮ. ಮೊದಲು 10ರಿಂದ 15 ನಿಮಿಷ ಮೈ ಬಿಸಿಯಾಗುವ ತನಕ ನಿಧಾನ ನಡಿಗೆ, ಆಮೇಲೆ ಹಗುರ ಭಾರ. ಹಠಾತ್ತಾಗಿ ತೀವ್ರತೆಗೆ ಜಿಗಿದಾಗಲೇ ನೋವು ಹೆಚ್ಚಾಗಿ ಶುರುವಾಗುತ್ತದೆ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಉಸಿರು ಬಿಗಿಹಿಡಿಯದೆ ಎತ್ತಲಾಗದ ಭಾರ ಎಂದರೆ ಅದು ಸದ್ಯಕ್ಕೆ ನಿಮಗೆ ಹೆಚ್ಚಾಯಿತು. ಕತ್ತನ್ನು ಹಿಂದಕ್ಕೆ ಬಗ್ಗಿಸಿ ಕನ್ನಡಿ ನೋಡುವುದನ್ನು ಬಿಡಿ, ಕತ್ತು ಬೆನ್ನಿನ ಗೆರೆಯಲ್ಲೇ ಇರಲಿ. ಒಂದು ವಾರ ನೋವಿಲ್ಲದೆ ಕಳೆದರೆ ಸುಮಾರು ಹತ್ತನೇ ಒಂದು ಭಾಗ ಏರಿಸಿ. ನೋವು ಬಂದ ದಿನ ಹಿಂದಿನ ವಾರದ ಭಾರಕ್ಕೆ ಇಳಿಯಿರಿ. ಓಡುವವರು ಪೂರ್ತಿ ವಾಕ್ಯ ಮಾತಾಡಲಾಗುವ ವೇಗದಲ್ಲಿ ಶುರು ಮಾಡಲಿ, ಬಿಸಿಲು ತಪ್ಪಿಸಲಿ, ಬರಿಹೊಟ್ಟೆಯಲ್ಲಿ ದೂರದ ಓಟ ಬೇಡ. ಈಜುವವರು ಕನ್ನಡಕದ ಪಟ್ಟಿ ಬಿಗಿಯಾಗಿದೆಯೇ ನೋಡಿಕೊಳ್ಳಲಿ, ಕೆಲವರ ನೋವಿಗೆ ಅದೊಂದೇ ಕಾರಣವಾಗಿರುತ್ತದೆ.

ಇಷ್ಟರಲ್ಲೂ ನಿಲ್ಲದಿದ್ದರೆ ಔಷಧವಿದೆ, ವೈದ್ಯರ ಚೀಟಿಯ ಮೇಲೆ ಮಾತ್ರ. ಇಂಡೊಮೆಥಾಸಿನ್ 25ರಿಂದ 50 ಮಿ.ಗ್ರಾಂ. ಅನ್ನು ವ್ಯಾಯಾಮಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು, ಊಟದ ಜೊತೆ ಕೊಡುತ್ತಾರೆ. ಕೆಮ್ಮಿನ ತಲೆನೋವಿಗೆ ದಿನಕ್ಕೆ 50ರಿಂದ 200 ಮಿ.ಗ್ರಾಂ. ವರೆಗೆ ಹಂಚಿ ಕೊಡುವುದುಂಟು. ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ, ರಕ್ತ ತೆಳುಮಾಡುವ ಮಾತ್ರೆ, ಆಸ್ಪಿರಿನ್‌ಗೆ ಕೆರಳುವ ಅಸ್ತಮಾ, ಗರ್ಭ, ಹತೋಟಿಯಲ್ಲಿಲ್ಲದ ಬಿ.ಪಿ., ಹೃದ್ರೋಗ ಇದ್ದವರಿಗೆ ಇದು ಆಗದು. ಬಿಸಿಲಿನ ದೂರದ ಓಟದ ದಿನ ಇದನ್ನು ನುಂಗುವುದು ವಿಶೇಷ ಅಪಾಯ: ನೀರು ಕಳೆದುಕೊಂಡ ದೇಹದಲ್ಲಿ ಮೂತ್ರಪಿಂಡಕ್ಕೆ ರಕ್ತ ಹರಿಯುವುದನ್ನು ಈ ಮಾತ್ರೆ ಇನ್ನೂ ತಗ್ಗಿಸುತ್ತದೆ. ಮೆರಥಾನ್ ಓಡುವವರಿಗೆ ಪ್ರೊಪ್ರನೊಲಾಲ್ ಪರ್ಯಾಯವಾಗಬಹುದು. ಅಸ್ತಮಾ ಇದ್ದರೆ ಅದು ಬೇಡ, ಮತ್ತು ಅದು ನಾಡಿ ಬಡಿತವನ್ನು ಕೆಳಗೆ ಹಿಡಿದಿಡುವುದರಿಂದ ಕೈಗಡಿಯಾರ ತೋರಿಸುವ ಹೃದಯಬಡಿತದ ವಲಯ ನೋಡಿ ಓಡುವುದು ಆಗ ದಾರಿ ತಪ್ಪಿಸುತ್ತದೆ.

ಒಂದು ಎಚ್ಚರಿಕೆ: ಇಂಡೊಮೆಥಾಸಿನ್‌ಗೆ ನೋವು ಹೋಯಿತೆಂದರೆ ಅದು ನಿರಪಾಯವೆಂದು ಸಾಬೀತಾಗಲಿಲ್ಲ. ಒಳಗೆ ಕಾರಣವಿರುವ ಕೆಮ್ಮಿನ ತಲೆನೋವೂ ಇದಕ್ಕೆ ಇಳಿದ ಉದಾಹರಣೆಗಳಿವೆ. ಮೊದಲು ಸ್ಕ್ಯಾನ್, ಆಮೇಲೆ ಮಾತ್ರೆ, ಈ ಕ್ರಮವನ್ನು ತಿರುಗಿಸಬಾರದು.

ನಿರಪಾಯ ವ್ಯಾಯಾಮದ ತಲೆನೋವು ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ, ಕೆಲವರಲ್ಲಿ ವರ್ಷಗಳಾಗಬಹುದು. ಹಾಗಾಗಿ ಮೂರು ತಿಂಗಳಿಗೊಮ್ಮೆಯಾದರೂ ಔಷಧ ಇನ್ನೂ ಬೇಕೇ ಎಂದು ವೈದ್ಯರೊಡನೆ ನೋಡಿ. ಇಂಡೊಮೆಥಾಸಿನ್ ಇಲ್ಲದೆ ಹಗುರ ವ್ಯಾಯಾಮ ಮಾಡಿ ಪರೀಕ್ಷಿಸಬಹುದು, ಪ್ರೊಪ್ರನೊಲಾಲ್ ಅನ್ನು ಮಾತ್ರ ಒಮ್ಮೆಗೇ ನಿಲ್ಲಿಸದೆ ವೈದ್ಯರು ಹೇಳಿದಂತೆ ಇಳಿಸುತ್ತ ಬನ್ನಿ. ದಿನಾಂಕ, ಮಾಡಿದ ಕೆಲಸ, ತುದಿಗೇರಲು ಹಿಡಿದ ಹೊತ್ತು, ಇಳಿಯಲು ಹಿಡಿದ ಹೊತ್ತು, ನೋವಿನ ಜಾಗ, ಆ ದಿನ ನುಂಗಿದ ಮಾತ್ರೆ, ಈ ಆರನ್ನು ಒಂದು ಪುಸ್ತಕದಲ್ಲಿ ಬರೆಯುತ್ತಿರಿ. ನಿಮಿಷಗಳಲ್ಲಿ ಏರುತ್ತಿದ್ದ ನೋವು ಸೆಕೆಂಡುಗಳಲ್ಲಿ ಏರತೊಡಗಿದರೆ, ಎರಡೂ ಬದಿಯ ನೋವು ಒಂದೇ ಬದಿಗೆ ಕಟ್ಟಿಕೊಂಡರೆ, ಶ್ರಮವಿಲ್ಲದ ಹೊತ್ತಲ್ಲೂ ಬಂದರೆ, ಎದ್ದು ನಿಂತಾಗ ಹೆಚ್ಚಾಗಿ ಮಲಗಿದಾಗ ಹೋದರೆ, ಅಥವಾ 48 ಗಂಟೆ ದಾಟಿದರೆ ಹಳೆಯ ಸ್ಕ್ಯಾನ್ ಲೆಕ್ಕಕ್ಕೆ ಬರುವುದಿಲ್ಲ. ಸೆಕೆಂಡಿನ ನೋವಿಗೆ ಅಂದೇ ತುರ್ತು ವಿಭಾಗ, ಉಳಿದವಕ್ಕೆ ಆ ಪುಸ್ತಕ ಹಿಡಿದು ಆ ವಾರವೇ ನರರೋಗ ತಜ್ಞರ ಬಳಿ.